ಚೆಲುವೆ ಗೆಳತಿಯ ಪಕ್ಕ ನಿಂತಾಗ

ಆ ಹುಡುಗಿ ತಂದಿದ್ದ ಫೋಟೊದ ಅಂಚಿನಲ್ಲಿ ಬೇರೆ ಯಾರದೋ ಭುಜ ಉಳಿದುಕೊಂಡಿತ್ತು. ಹಸಿರು ದುಪಟ್ಟಾ, ಅದರ ಮೇಲೆ ಜಡೆಯ ತುದಿ. ಕಾರವಾರದ ಕಡಲತೀರದಲ್ಲಿ ಇಬ್ಬರು ಗೆಳತಿಯರು ಒಟ್ಟಿಗೆ ನಿಂತು ತೆಗೆಸಿಕೊಂಡಿದ್ದ ಫೋಟೊ ಅದು. ಗಂಡಿನ ಕಡೆಯವರಿಗೆ ಕಳಿಸಲು ಅಮ್ಮ ಗೆಳತಿಯನ್ನು ಕತ್ತರಿಸಿ ತೆಗೆದಿದ್ದರು.

"ಅಮ್ಮ ಮಾಡಿದ್ದು ಸರೀನೇ ಮೇಡಂ. ಅವಳು ಪಕ್ಕದಲ್ಲಿದ್ರೆ ನಾ ಕಾಣುದೇ ಇಲ್ಲ" ಎಂದಳು.

ಶಿರಸಿಯಲ್ಲಿ ಆಪ್ತಸಮಾಲೋಚನೆ ಮಾಡುವ ನನಗೆ ಈ ಮಾತು ಹೊಸದಲ್ಲ. ಗುರುತು ಸಿಗದ ಹಾಗೆ ವಿವರ ಬದಲಿಸಿ, ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಬ್ಬರೂ ಕಾರವಾರದಲ್ಲಿ ಕೆಲಸ ಮಾಡುತ್ತಾರೆ, ಒಂದೇ ಬಾಡಿಗೆ ರೂಮಿನಲ್ಲಿದ್ದಾರೆ. ಗೆಳತಿ ನಿಜಕ್ಕೂ ಚೆಲುವೆ. "ಇಲ್ಲ, ನೀನೂ ಅಷ್ಟೇ ಚೆಂದ" ಎಂದು ನಾನು ಹೇಳಲಿಲ್ಲ. ಅದನ್ನು ಅವಳು ನಂಬುವುದೂ ಇಲ್ಲ. ಅವಳು ಹೇಳಿದ ಮಾತಿಗೆ ಸರಿಯಾದ ಉತ್ತರ ಇದೆ, ಅದನ್ನೇ ಹೇಳಬೇಕಿತ್ತು.

ನಮ್ಮ ಕಣ್ಣಿಗೆ ಚೆಲುವನ್ನು ಅಳೆಯುವ ಖಾಯಂ ಅಳತೆಗೋಲು ಇಲ್ಲ. ದೋಸೆಗೆ ಜೋನಿ ಬೆಲ್ಲ ಹಾಕಿಕೊಂಡು ತಿಂದ ಮೇಲೆ ಚಹಾ ಕುಡಿದು ನೋಡಿ. ಸಕ್ಕರೆ ಎಂದಿನಷ್ಟೇ ಇದ್ದರೂ ಸಪ್ಪೆ ಅನಿಸುತ್ತದೆ. ಮುಖದ ವಿಷಯದಲ್ಲೂ ಹೀಗಾಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಡಗ್ಲಸ್ ಕೆನ್ರಿಕ್ ಮತ್ತು ಸಾರಾ ಗುಟಿಯರೆಸ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೆಸರಾದದ್ದು. ಹಾಸ್ಟೆಲಿನಲ್ಲಿ ಚೆಲುವೆಯರೇ ಮುಖ್ಯ ಪಾತ್ರದಲ್ಲಿದ್ದ ಟಿವಿ ಧಾರಾವಾಹಿ ನೋಡುತ್ತಿದ್ದ ಹುಡುಗರಿಗೆ ಸಾಮಾನ್ಯ ರೂಪದ ಹುಡುಗಿಯ ಫೋಟೊ ತೋರಿಸಿ ಅಂಕ ಕೊಡಲು ಹೇಳಿದರು. ಧಾರಾವಾಹಿ ನೋಡದವರಿಗಿಂತ ಇವರು ಕೊಟ್ಟ ಅಂಕ ಕಡಿಮೆ. ಇದನ್ನು ವೈದೃಶ್ಯ ಪರಿಣಾಮ ಎನ್ನುತ್ತೇವೆ. ಪಕ್ಕದ್ದು ಎತ್ತರವಾಗಿರುವುದರಿಂದ ಇದು ಗಿಡ್ಡ ಕಾಣುವುದು, ಅಷ್ಟೇ.

ಹುಡುಗಿ ಹೆದರಿದ್ದು ಇದಕ್ಕೇ. ಆದರೆ ಒಂದನ್ನು ಗಮನಿಸಿ. ಆ ಹುಡುಗರು ಚೆಲುವೆಯರನ್ನು ಮೊದಲು ನೋಡಿದ್ದರು, ಫೋಟೊ ಆಮೇಲೆ ಬಂತು. ಧಾರಾವಾಹಿಯ ಚೆಲುವೆಯರಿಗೂ ಫೋಟೊದ ಹುಡುಗಿಗೂ ಸಂಬಂಧವೇ ಇರಲಿಲ್ಲ. ಇಬ್ಬರು ಗೆಳತಿಯರು ಹೆಗಲಿಗೆ ಹೆಗಲು ಕೊಟ್ಟು ನಿಂತಾಗ ಪರಿಸ್ಥಿತಿ ಹೀಗಿರುವುದಿಲ್ಲ.

ಇದನ್ನೇ ನೇರವಾಗಿ ಪರೀಕ್ಷಿಸಿದವರು ಮೈಕೆಲ್ ಕರ್ನಿಸ್ ಮತ್ತು ಲ್ಯಾಡ್ ವೀಲರ್, 1981ರಲ್ಲಿ. ಸಾಮಾನ್ಯ ರೂಪದ ಒಬ್ಬರ ಜೊತೆ ತುಂಬಾ ಆಕರ್ಷಕವಾದ ಇನ್ನೊಬ್ಬರು. ಕೆಲವರಿಗೆ ಇವರಿಬ್ಬರು ಗೆಳೆಯರು ಎಂದು ಕಂಡಿತು, ಕೆಲವರಿಗೆ ಅಪರಿಚಿತರು ಎಂದು. ಅಪರಿಚಿತರು ಎಂದುಕೊಂಡಾಗ ಸಾಮಾನ್ಯ ವ್ಯಕ್ತಿಯ ಆಕರ್ಷಣೆ ಇಳಿಯಿತು. ಗೆಳೆಯರು ಎಂದುಕೊಂಡಾಗ ಏರಿತು! ಅದೇ ಮುಖ, ಪಕ್ಕದಲ್ಲಿ ಅದೇ ಚೆಲುವು. ಬದಲಾದದ್ದು ನಂಟು ಮಾತ್ರ. ಈ ಎರಡನೆಯದನ್ನು ಸಮೀಕರಣ ಪರಿಣಾಮ ಎನ್ನುತ್ತೇವೆ. ಇಬ್ಬರನ್ನೂ ಒಂದೇ ಜೋಡಿ ಎಂದು ನೋಡಿದಾಗ ಒಬ್ಬರ ಚೆಲುವು ಇನ್ನೊಬ್ಬರ ಮೇಲೂ ಬೀಳುತ್ತದೆ.

ಫೋನಿನಲ್ಲಿದ್ದ ಹಳೆಯ ಫೋಟೊಗಳನ್ನೆಲ್ಲ ತೆಗೆದು ತೋರಿಸು ಎಂದೆ. ಇಬ್ಬರೂ ಸೇರಿ ನೋಡಿದೆವು. ಎರಡು ವರ್ಷದ ಹಿಂದಿನ ಫೋಟೊಗಳಲ್ಲಿ ಗೆಳತಿಯ ಕೈ ಇವಳ ಹೆಗಲ ಮೇಲಿದೆ, ಇಬ್ಬರೂ ಒಂದೇ ವಿಷಯಕ್ಕೆ ನಗುತ್ತಿದ್ದಾರೆ. ಬರಬರುತ್ತಾ ಅಂತರ ಜಾಸ್ತಿ ಆಗಿದೆ. ಕೊನೆಯ ಕೆಲವು ಫೋಟೊಗಳಲ್ಲಿ ಇವಳು ಗುಂಪಿನ ತುದಿಯಲ್ಲಿ, ಮಧ್ಯೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಕೈಕಟ್ಟಿ ಬೇರೆಲ್ಲೋ ನೋಡುತ್ತಿದ್ದಾಳೆ. ಗೊತ್ತಿಲ್ಲದವರು ನೋಡಿದರೆ ಸುಮ್ನೆ ಅಲ್ಲಿ ಹಾದು ಹೋಗುತ್ತಿದ್ದವಳು ಎಂದುಕೊಳ್ಳಬೇಕು.

"ನೋಡು ತಂಗಿ, ಅವಳಿಂದ ತಪ್ಪಿಸಿಕೊಳ್ಳಲಿಕ್ಕೆ ದೂರ ನಿಂತೆ. ದೂರ ನಿಂತಾಗಲೇ ಅಪರಿಚಿತಳ ಹಾಗೆ ಕಾಣ್ತೀಯ. ಹೋಲಿಕೆ ಶುರುವಾಗೋದು ಅಲ್ಲೇ ಅಲ್ವಾ?" ಎಂದೆ. ಅಂತರವನ್ನು ಆ ಪ್ರಯೋಗದಲ್ಲಿ ಅಳೆದಿರಲಿಲ್ಲ. ದೂರ ನಿಲ್ಲುವುದನ್ನು ನಂಟಿನ ಜೊತೆ ಜೋಡಿಸಿದ್ದು ನನ್ನ ಅಂದಾಜು. ಆದರೆ ಆ ಫೋಟೊಗಳನ್ನು ನೋಡಿದ ಮೇಲೆ ನನಗೆ ಅದರಲ್ಲಿ ಹೆಚ್ಚು ಅನುಮಾನ ಉಳಿಯಲಿಲ್ಲ.

ಕತ್ತರಿಸಿದ ಫೋಟೊಗೂ ಇದು ಸಂಬಂಧಿಸುತ್ತದೆ. ಡ್ರೂ ವಾಕರ್ ಮತ್ತು ಎಡ್ವರ್ಡ್ ವುಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗುಂಪು ಫೋಟೊದಲ್ಲಿರುವ ಮುಖಕ್ಕೂ, ಅದೇ ಫೋಟೊದಿಂದ ಕತ್ತರಿಸಿ ಒಂಟಿಯಾಗಿ ತೋರಿಸಿದ ಅದೇ ಮುಖಕ್ಕೂ ಅಂಕ ಕೇಳಿದ್ದರು. ಗುಂಪಿನಲ್ಲಿದ್ದಾಗ ತುಸು ಹೆಚ್ಚು ಬಂತು. ಕಣ್ಣು ಮೊದಲು ಗುಂಪಿನ ಒಟ್ಟು ಸರಾಸರಿ ಹಿಡಿಯುತ್ತದೆ, ಒಬ್ಬೊಬ್ಬರ ಮುಖವನ್ನೂ ಆ ಸರಾಸರಿಯ ಕಡೆಗೆ ಸ್ವಲ್ಪ ಎಳೆದುಕೊಳ್ಳುತ್ತದೆ, ಸರಾಸರಿ ಮುಖ ನಮಗೆ ಹಿತ ಅನಿಸುತ್ತದೆ. ಇದು ಅವರ ವಿವರಣೆ. "ತುಸು" ಎಂಬ ಮಾತನ್ನು ಮರೆಯಬಾರದು. ವ್ಯತ್ಯಾಸ ಸಣ್ಣದು. ಇವೆಲ್ಲ ಗುರುತಿಲ್ಲದವರ ಮೊದಲ ನೋಟದ ಲೆಕ್ಕ. ಮಾತು, ಒಡನಾಟ ಬೆಳೆದ ಮೇಲೆ ನಿಮ್ಮನ್ನು ನೋಡುವ ಕಣ್ಣೇ ಬೇರೆ.

ಅಮ್ಮಂದಿರ ಹೆದರಿಕೆ ಪೂರ್ತಿ ಸುಳ್ಳು ಎಂದೂ ನಾನು ಹೇಳಲಾರೆ. ನಮ್ಮ ಕಡೆ ಹೆಣ್ಣು ನೋಡಲು ಬರುವ ದಿನ ಚೆಂದದ ತಂಗಿಯನ್ನು ಅಜ್ಜನಮನೆಗೆ ಕಳಿಸುವ ಮನೆಗಳನ್ನು ಕಂಡಿದ್ದೇನೆ. ನೋಡಲು ಬಂದವರು ಅಲ್ಲಿ ಜೋಡಿಯನ್ನು ನೋಡುತ್ತಿಲ್ಲ, ಆಯ್ಕೆ ಮಾಡುತ್ತಿದ್ದಾರೆ. ಆರಿಸುವ ಮನಸ್ಸು ಇಬ್ಬರ ನಡುವಿನ ವ್ಯತ್ಯಾಸವನ್ನೇ ಹುಡುಕುತ್ತದೆ. ವಾಟ್ಸಾಪಿನಲ್ಲಿ ಒಂದರ ಹಿಂದೆ ಒಂದು ಬರುವ ವಧುಗಳ ಫೋಟೊಗಳಿಗೂ ಇದೇ ಪಾಡು. ಹಿಂದಿನ ಫೋಟೊ ಯಾರದು ಎನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಪ್ರಸ್ತಾಪಕ್ಕೆ ಒಂಟಿ ಫೋಟೊ ಕಳಿಸಲಿ, ನನ್ನ ತಕರಾರಿಲ್ಲ. ಆದರೆ ಅದನ್ನು ಒಂಟಿಯಾಗಿಯೇ ತೆಗೆಸಲಿ. ಬೇರೆಯವರ ಭುಜ ಉಳಿಸಿಕೊಂಡ ಫೋಟೊ ಬೇಡ. ಇನ್ನು ತಂಗಿಯನ್ನು ಕಳಿಸುವ ಮನೆಯಲ್ಲಿ ಅಕ್ಕ ಆ ದಿನ ತನ್ನ ಬಗ್ಗೆ ಏನು ತಿಳಿದುಕೊಳ್ಳುತ್ತಾಳೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಮಾತಾಡಿದರೂ ಹುಡುಗಿಯ ಮುಖ ಸರಿಯಾಗಲಿಲ್ಲ. "ಬೇರೆಯವರ ಕಣ್ಣಿಗೆ ಸರಿ ಮೇಡಂ. ನನ್ನ ಕಣ್ಣಿಗೇ ನಾ ಚೆಂದ ಕಾಣುದಿಲ್ಲ, ಎಂತ ಮಾಡುದು?" ಎಂದಳು. ನಿಜವಾದ ನೋವು ಇಲ್ಲಿತ್ತು.

ಬೆಳಿಗ್ಗೆ ಹೇಗೆ ತಯಾರಾಗುತ್ತೀರಿ ಎಂದು ಕೇಳಿದೆ. ರೂಮಿನಲ್ಲಿರುವುದು ಒಂದೇ ಕನ್ನಡಿ, ಕಿಟಕಿ ಪಕ್ಕ. ಗೆಳತಿ ಮೊದಲು ನಿಲ್ಲುತ್ತಾಳೆ. ಇವಳು ಮಂಚದ ಮೇಲೆ ಕೂತು, ಅವಳು ಜಡೆ ಹೆಣೆದು ಕಾಡಿಗೆ ಹಚ್ಚುವುದನ್ನು ಹತ್ತು ನಿಮಿಷ ನೋಡುತ್ತಾಳೆ. ಆಮೇಲೆ ಅದೇ ಕನ್ನಡಿಗೆ ಇವಳ ಮುಖ. ದಿನಾ ಜೋನಿ ಬೆಲ್ಲದ ಮೇಲೆ ಚಹಾ! ಆಕರ್ಷಕ ಹೆಂಗಸರ ಫೋಟೊ ನೋಡಿದ ಮೇಲೆ ಹೆಂಗಸರು ತಮ್ಮ ರೂಪಕ್ಕೆ ಕಡಿಮೆ ಅಂಕ ಕೊಟ್ಟುಕೊಳ್ಳುತ್ತಾರೆ ಎಂಬುದನ್ನು ಥಾಮಸ್ ಕ್ಯಾಶ್ ಮತ್ತು ಸಂಗಡಿಗರು 1983ರಲ್ಲೇ ತೋರಿಸಿದ್ದರು. ಅದೇ ಫೋಟೊಗಳು ಜಾಹೀರಾತಿನ ಮಾಡೆಲ್‌ಗಳದ್ದು ಎಂದು ಗೊತ್ತಾದಾಗ ಆ ಇಳಿತ ಕಾಣಲಿಲ್ಲ. ಅವರು ಬೇರೆ ಲೋಕದವರು, ಅವರ ಜೊತೆ ನಮಗೆಂಥ ಹೋಲಿಕೆ ಅನಿಸುತ್ತದೆ. ರೂಮಿನ ಗೆಳತಿ ಹಾಗಲ್ಲ. ಅವಳು ನಮ್ಮಂಥವಳೇ, ಅದಕ್ಕೇ ಜಾಸ್ತಿ ಚುಚ್ಚುತ್ತದೆ.

ಕನ್ನಡಿಯ ಸರದಿ ಬದಲಿಸಿ ನೋಡು, ಅವಳು ತಯಾರಾಗುವಾಗ ಬೇರೆ ಕೆಲಸ ನೋಡಿಕೋ ಎಂದೆ. ಇಷ್ಟು ಸಣ್ಣ ಉಪಾಯದಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಮಾತು ಕೊಡಲಿಲ್ಲ. ಮೂರು ವಾರ ಬಿಟ್ಟು ಬಂದಳು. ಈಗ ತಾನೇ ಮೊದಲು ಕನ್ನಡಿ ಮುಂದೆ ನಿಲ್ಲುತ್ತಾಳಂತೆ. ಆಮೇಲೆ ಗೆಳತಿಯ ಜಡೆಯನ್ನು ಇವಳೇ ಹೆಣೆದು ಕೊಡುತ್ತಾಳಂತೆ.