‘ನೋಡೋಣ’ ಅಂದುಬಿಟ್ಟರೆ ಅವರು ಕಾಯುತ್ತಾರೆ

ಪ್ರಶ್ನೆ: ನಾನು ಮುಂಬೈ ಹತ್ತಿರದ ಡೊಂಬಿವಲಿಯವಳು. ಪ್ರತಿ ಭಾನುವಾರ ಮಾಟುಂಗಕ್ಕೆ ಕನ್ನಡ ನಾಟಕದ ರಿಹರ್ಸಲ್‌ಗೆ ಹೋಗುತ್ತೇನೆ. ಕಳೆದ ವಾರ ತಂಡದ ಒಬ್ಬರು, ‘ನೀವಂದ್ರೆ ನಂಗೆ ತುಂಬಾ ಇಷ್ಟ’ ಅಂದರು. ಒಳ್ಳೆಯ ಮನುಷ್ಯ. ಆದರೆ ನನಗೆ ಆ ಥರ ಮನಸ್ಸಿಲ್ಲ. ನಾಟಕಕ್ಕೆ ಇನ್ನೂ ಆರು ವಾರ ಇದೆ. ನೋವಾಗದ ಹಾಗೆ ಹೇಗೆ ಹೇಳಲಿ?

ಉತ್ತರ: ನೋವಂತೂ ಆಗುತ್ತದೆ. ಅವಮಾನ ಆಗದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ.

‘ಮನೇಲಿ ಒಪ್ಪಲ್ಲ’, ‘ಈಗ ಕೆಲಸದ ಮೇಲೆ ಗಮನ’ ಅನ್ನುವ ನೆಪ ಬೇಡ. ಮನೆಯವರು ಅಡ್ಡಿ ಅಂದರೆ ಅವರು ಮನೆಯವರನ್ನು ಒಪ್ಪಿಸಲು ಹೊರಡುತ್ತಾರೆ. ‘ನೋಡೋಣ’ ಇನ್ನೂ ಕೆಟ್ಟದ್ದು. ನಾನೊಮ್ಮೆ ಒಬ್ಬರಿಗೆ ಹಾಗಂದು ಸುಮ್ಮನಾಗಿದ್ದೆ. ನನ್ನ ಮಟ್ಟಿಗೆ ಅದು ‘ಇಲ್ಲ’. ಪಾಪ, ಅವರು ಎಂಟು ತಿಂಗಳು ಕಾದರು. ಇನ್ನು ‘ಅಣ್ಣ’ ಅಂತ ಕರೆದು ಪಾರಾಗುವುದು. ಇಷ್ಟು ದಿನ ಹೆಸರು ಹಿಡಿದು ಕರೆದವರನ್ನು ಇವತ್ತು ಅಣ್ಣ ಮಾಡಿದರೆ ಅದು ತಮಾಷೆಯ ಹಾಗೆ ಕೇಳುತ್ತದೆ, ಅಲ್ವಾ?

ಜಾಗವೂ ಮುಖ್ಯ. ಉಡುಪಿ ಹೋಟೆಲಲ್ಲಿ ಬೇಡ, ಪಕ್ಕದ ಮೇಜಿನಲ್ಲಿ ಕನ್ನಡ ಸಂಘದವರೇ ಕೂತಿರುತ್ತಾರೆ. ಲೋಕಲ್‌ ಟ್ರೇನಲ್ಲೂ ಬೇಡ, ಹೇಳಿದ ಮೇಲೆ ಇಬ್ಬರೂ ಮುಖ ತಿರುಗಿಸಲಾಗದೆ ನಿಂತಿರಬೇಕಾಗುತ್ತದೆ. ಈ ಭಾನುವಾರ ರಿಹರ್ಸಲ್‌ ಮುಗಿದ ಮೇಲೆ ಫೈವ್‌ ಗಾರ್ಡನ್ಸ್‌ ಕಡೆ ಹತ್ತು ನಿಮಿಷ ನಡೆಯಿರಿ. ಜನ ಓಡಾಡುತ್ತಿರುತ್ತಾರೆ, ಆದರೆ ಯಾರೂ ಕಿವಿಗೊಡುವುದಿಲ್ಲ. ಮಾತು ಮುಗಿದರೆ ಅವರವರ ದಾರಿ ಹಿಡಿಯಬಹುದು. ರಿಹರ್ಸಲ್‌ಗೆ ಮೊದಲು ಹೇಳಬೇಡಿ, ಆಮೇಲೆ ಎಲ್ಲರ ಮುಂದೆ ಅವರು ಡೈಲಾಗ್‌ ಹೇಳಬೇಕು.

ಮಾತು ಇಷ್ಟು ಸಾಕು: ‘ಅವತ್ತು ನೀವು ಹೇಳಿದ್ದನ್ನ ನಾನು ಹಗುರವಾಗಿ ತಗೊಂಡಿಲ್ಲ. ಆದ್ರೆ ನಂಗೆ ನಿಮ್ಮ ಮೇಲೆ ಆ ಥರ ಮನಸ್ಸಿಲ್ಲ. ಮುಂದೆ ಬರಬಹುದು ಅಂತ ಕಾಯಬೇಡಿ. ಇದನ್ನ ನಾನು ತಂಡದಲ್ಲಿ ಯಾರ ಹತ್ರಾನೂ ಹೇಳಿಲ್ಲ, ಹೇಳೋದೂ ಇಲ್ಲ.’

ಕೊನೆಯ ಮಾತನ್ನು ಬಿಡಬೇಡಿ. ಊರಿಗೆ ಗೊತ್ತಾಗುತ್ತದೆ ಅನ್ನುವ ಭಯ ಅವರಿಗೆ ನಿಮ್ಮ ‘ಇಲ್ಲ’ಕ್ಕಿಂತ ಜಾಸ್ತಿ ಇರಬಹುದು. ಹೇಳಿದ ಮೇಲೆ ಗೆಳತಿಗೂ ಬಾಯಿ ಬಿಡಬೇಡಿ.

‘ನನ್ನಲ್ಲಿ ಏನು ಕಮ್ಮಿ?’ ಅಂತ ಕೇಳಬಹುದು. ಪಟ್ಟಿ ಕೊಡಬೇಡಿ. ಏನು ಹೇಳಿದರೂ ಅದನ್ನು ತಿದ್ದಿಕೊಂಡು ಮತ್ತೆ ಬರುತ್ತಾರೆ. ‘ಕಮ್ಮಿ ಅಂತ ಏನಿಲ್ಲ, ನಂಗೆ ಮನಸ್ಸು ಬರಲಿಲ್ಲ, ಅಷ್ಟೇ’ ಅನ್ನಿ. ‘ಫ್ರೆಂಡ್ಸ್‌ ಆಗಿರೋಣ’ ಅನ್ನುವುದನ್ನು ಅವತ್ತೇ ಹೇಳಬೇಡಿ. ಬೇಕಿದ್ದರೆ ಅವರೇ ಆಮೇಲೆ ಬರಲಿ. ರಾತ್ರಿ ‘ಊಟ ಆಯ್ತಾ?’ ಅಂತ ಮೆಸೇಜೂ ಬೇಡ, ಅದು ಮತ್ತೆ ಆಸೆ ಹುಟ್ಟಿಸುತ್ತದೆ.

ಮುಂದಿನ ವಾರ ನೀವೇ ಮೊದಲು ‘ನಮಸ್ಕಾರ’ ಅನ್ನಿ, ಎಂದಿನ ದನಿಯಲ್ಲಿ. ಅವರು ದೂರ ಕೂತರೆ ಕೂರಲಿ. ಇಷ್ಟಾದ ಮೇಲೂ ಬೆನ್ನು ಬಿದ್ದರೆ ನಯ ಸಾಕು. ‘ನಾನು ಹೇಳಿಯಾಗಿದೆ’ ಅಂತ ಒಂದೇ ಮಾತು ಹೇಳಿ. ನಿಲ್ಲಿಸದಿದ್ದರೆ ಆಗ ನಿರ್ದೇಶಕರಿಗೆ ತಿಳಿಸಿ. ಯಾರಿಗೂ ಹೇಳುವುದಿಲ್ಲ ಅಂದ ಮಾತು ಅಲ್ಲಿಗೆ ಮುಗಿಯಿತು.