ದುರಸ್ತಿಯೂ ಇಲ್ಲ, ಇದ್ದ ಸೌಲಭ್ಯವೂ ಹೋಯಿತು: ಬಾಡಿಗೆ ಇಳಿಸಿ ಎಂದು ಮಾಲೀಕರಿಗೆ ಹೇಗೆ ಬರೆಯುವುದು?

ಪ್ರಶ್ನೆ: ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ನೀರು ಜಿನುಗುತ್ತಿದೆ. ಮಾರ್ಚ್‌ನಿಂದ ಮಾಲೀಕರಿಗೆ ಹೇಳುತ್ತಲೇ ಇದ್ದೇನೆ, ಅವರು ‘ನೋಡೋಣ’ ಎನ್ನುತ್ತಾರೆ. ಇದರ ನಡುವೆ ಜೂನ್‌ನಲ್ಲಿ ಪಾರ್ಕಿಂಗ್ ಜಾಗದ ಗೇಟಿಗೆ ಬೀಗ ಹಾಕಿ, ಕೀಲಿಕೈ ಕೊಡಲಿಲ್ಲ. ಬಾಡಿಗೆ ಮಾತ್ರ ಮೊದಲಿನಷ್ಟೇ ಕೊಡುತ್ತಿದ್ದೇನೆ. ಇವುಗಳನ್ನು ಸರಿಪಡಿಸಿ, ಇಲ್ಲವೇ ಬಾಡಿಗೆ ಕಡಿಮೆ ಮಾಡಿ ಎಂದು ಪತ್ರ ಬರೆಯಬಹುದೇ? ಎಷ್ಟು ಕಡಿಮೆ ಮಾಡಿ ಎಂದು ಕೇಳಬೇಕು?

ಉತ್ತರ: ಬರೆಯಬಹುದು, ಬರೆಯಲೇಬೇಕು, ಏಕೆಂದರೆ ಫೋನಿನಲ್ಲಿ ಆಡಿದ ಮಾತನ್ನು ‘ನನಗೆ ಹೇಳಿರಲೇ ಇಲ್ಲ’ ಎಂದು ತಳ್ಳಿಹಾಕುವುದು ಸುಲಭ. ಆದರೆ ನಿಮ್ಮ ಎರಡು ದೂರುಗಳು ಒಂದೇ ಬಗೆಯವಲ್ಲ ಎಂಬುದನ್ನು ಬರೆಯುವ ಮೊದಲೇ ಗಮನಿಸಬೇಕು. ಗೋಡೆಯ ವಿಷಯದಲ್ಲಿ ದೋಷವಿರುವುದು ಮಾಲೀಕರಿಗೆ ಯಾವಾಗ ತಿಳಿಯಿತು, ಸರಿಪಡಿಸಲು ಅವರಿಗೆ ಸಾಕಷ್ಟು ಸಮಯ ಸಿಕ್ಕಿತ್ತೇ ಎಂಬುದು ಮುಖ್ಯ. ಪಾರ್ಕಿಂಗ್ ಜಾಗಕ್ಕೆ ಬೀಗ ಹಾಕಿದವರು ಮಾಲೀಕರೇ ಆಗಿರುವುದರಿಂದ ಅಲ್ಲಿ ತಿಳಿಸುವ ಪ್ರಶ್ನೆ ಹುಟ್ಟುವುದಿಲ್ಲ. ಆ ಜಾಗವು ನೀವು ತೆರುವ ಬಾಡಿಗೆಯಲ್ಲಿ ಸೇರಿತ್ತು ಎಂಬುದನ್ನು ತೋರಿಸಬೇಕಾಗುತ್ತದೆ. ಆದ್ದರಿಂದ ಪತ್ರದಲ್ಲಿ ಎರಡಕ್ಕೂ ಪ್ರತ್ಯೇಕ ಪ್ಯಾರಾ ಇರಲಿ.

ಮೊದಲು ಗೋಡೆಯನ್ನು ನೋಡೋಣ. ‘ನೀವು ಕಿಟಕಿ ತೆರೆಯುವುದಿಲ್ಲ, ಅದಕ್ಕೇ ತೇವ’ ಎಂಬುದು ಇಂಥ ದೂರಿಗೆ ಸಾಮಾನ್ಯವಾಗಿ ಬರುವ ಉತ್ತರ, ಮತ್ತು ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಇದನ್ನು ಪರೀಕ್ಷಿಸಲು ಒಂದು ಸರಳ ವಿಧಾನವಿದೆ. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಅಂಗೈ ಅಗಲದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿನಲ್ಲಿ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಿ. ಕೋಣೆಯ ಕಡೆಯ ಮೈಮೇಲೆ ಹನಿ ಕೂತರೆ ಅದು ಕೋಣೆಯ ಗಾಳಿಯ ತೇವ. ಹಾಳೆಯ ಹಿಂಬದಿಯಲ್ಲಿ, ಗೋಡೆಗೆ ತಾಗಿದ ಕಡೆ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಎಂದರ್ಥ. ಕಲೆಯ ಅಂಚಿನಗುಂಟ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದು, ವಾರಕ್ಕೊಮ್ಮೆ ಅದೇ ಜಾಗದಿಂದ ಫೋಟೊ ತೆಗೆಯಿರಿ. ಮೇಲಿನ ಮನೆಯ ಬಚ್ಚಲಿನ ಬಳಕೆಗೆ ತಕ್ಕಂತೆ ಕಲೆ ಗೆರೆ ದಾಟಿ ಹಬ್ಬುತ್ತಿದ್ದರೆ, ಕಿಟಕಿಯ ವಾದಕ್ಕೆ ಆಧಾರ ಉಳಿಯುವುದಿಲ್ಲ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದೇ ಎಂಬ ಷರತ್ತು ಅನೇಕ ಕರಾರುಗಳಲ್ಲಿ ಇರುತ್ತದೆ. ಗೋಡೆಯೊಳಗಿನ ಸೋರಿಕೆ ಸಾಮಾನ್ಯವಾಗಿ ಆ ವರ್ಗಕ್ಕೆ ಬರುವುದಿಲ್ಲವಾದರೂ, ಪತ್ರಕ್ಕೆ ಮೊದಲು ಆ ಷರತ್ತನ್ನು ಒಮ್ಮೆ ಓದಿಕೊಳ್ಳಿ.

ಪಾರ್ಕಿಂಗ್ ಬಗ್ಗೆ ‘ಅದು ನಾನು ಸೌಜನ್ಯಕ್ಕೆ ಕೊಟ್ಟಿದ್ದು’ ಎಂಬ ಮಾತು ಬರಬಹುದು. ಕರಾರಿನಲ್ಲಿ ಆ ಜಾಗದ ಉಲ್ಲೇಖವಿದ್ದರೆ ಷರತ್ತಿನ ಸಂಖ್ಯೆಯನ್ನು ಬರೆಯಿರಿ. ಇಲ್ಲದಿದ್ದರೆ ಮನೆ ಬಾಡಿಗೆಗಿದೆ ಎಂದು ಮಾಲೀಕರು ಹಾಕಿದ್ದ ಜಾಹೀರಾತು, ಮನೆ ತೋರಿಸುವಾಗ ಕಳುಹಿಸಿದ್ದ ಸಂದೇಶ, ಗೇಟಿನ ಕೀಲಿಕೈಯನ್ನು ಅವರೇ ಹಿಂದೆ ಕೊಟ್ಟಿದ್ದು, ಇವೆಲ್ಲ ಆ ಸೌಲಭ್ಯ ಬಾಡಿಗೆಯ ಭಾಗವಾಗಿತ್ತೆಂದು ಹೇಳಲು ನೆರವಾಗುತ್ತವೆ.

ಇನ್ನು ಮೊತ್ತ. ಹೆಚ್ಚಿನ ಪತ್ರಗಳು ಸೋಲುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ: ‘ಸೂಕ್ತವಾಗಿ ಕಡಿಮೆ ಮಾಡಿ’ ಎಂದು ಬರೆದರೆ ಮಾಲೀಕರು ಉತ್ತರಿಸಬೇಕಾದದ್ದೇನೂ ಉಳಿಯುವುದಿಲ್ಲ, ‘ಅರ್ಧ ಬಾಡಿಗೆ ಬಿಡಿ’ ಎಂದರೆ ಅವರು ಮುಂದಕ್ಕೆ ಓದುವುದಿಲ್ಲ. ತಿಂಗಳ ಬಾಡಿಗೆಯನ್ನು 100 ಪಾಲು ಎಂದಿಟ್ಟುಕೊಳ್ಳಿ. ಆ ಕೋಣೆ ಮನೆಯ ವಿಸ್ತೀರ್ಣದ ಐದನೇ ಒಂದು ಭಾಗವಾಗಿದ್ದರೆ ಅದರ ಪಾಲು 20. ಕೋಣೆ ಪೂರ್ತಿ ನಿರುಪಯೋಗವಾಗಿಲ್ಲ. ಒದ್ದೆ ಗೋಡೆಯ ಕಡೆಯ ಅರ್ಧ ಭಾಗದಲ್ಲಿ ಹಾಸಿಗೆ, ಬೀರು ಇಡಲಾಗುತ್ತಿಲ್ಲ ಎಂದಾದರೆ 10 ಪಾಲು ಕೇಳುವುದು ನ್ಯಾಯ. ಪಾರ್ಕಿಂಗ್ ಜಾಗವನ್ನು ವಿಸ್ತೀರ್ಣದಿಂದ ಅಳೆಯಲಾಗದು. ಅದೇ ಕಟ್ಟಡದಲ್ಲಿ ಪಾರ್ಕಿಂಗ್ ಇರುವ ಮತ್ತು ಇಲ್ಲದ ಮನೆಗಳ ಬಾಡಿಗೆಯ ಅಂತರವೇ ಅದರ ಬೆಲೆ. ಆ ಅಂತರ 6 ಪಾಲು ಎಂದುಕೊಳ್ಳೋಣ.

ಲೆಕ್ಕ ಎಂದಿನಿಂದ ಆರಂಭವಾಗಬೇಕು ಎಂಬುದರಲ್ಲಿಯೂ ಎರಡಕ್ಕೂ ವ್ಯತ್ಯಾಸವಿದೆ. ನೀವು ಮಾರ್ಚ್ 3ರಂದು ಮೊದಲು ತಿಳಿಸಿದ್ದರೆ, ದುರಸ್ತಿಗೆ ಆ ತಿಂಗಳು ಪೂರ್ತಿ ಬಿಟ್ಟುಕೊಟ್ಟು ಏಪ್ರಿಲ್‌ನಿಂದ ಎಣಿಸಿ. ಜೂನ್ 1ರಂದು ಗೇಟಿಗೆ ಬೀಗ ಬಿದ್ದಿದ್ದರೆ ಅಂದಿನಿಂದಲೇ ಎಣಿಸಬಹುದು. ಆಗಸ್ಟ್ ಕೊನೆಯವರೆಗೆ ಗೋಡೆಗೆ ಐದು ತಿಂಗಳಿನ 50 ಪಾಲು, ಪಾರ್ಕಿಂಗಿಗೆ ಮೂರು ತಿಂಗಳಿನ 18 ಪಾಲು, ಒಟ್ಟು 68. ಅಂದರೆ ಒಂದು ತಿಂಗಳ ಬಾಡಿಗೆಯ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಎಷ್ಟೋ ತಿಂಗಳ ಸಿಟ್ಟಿಗೆ ಈ ಮೊತ್ತ ಚಿಕ್ಕದೆನಿಸಬಹುದು, ಆದರೆ ಪ್ರತಿ ಪಾಲಿಗೂ ನಿಮ್ಮ ಬಳಿ ಕಾರಣವಿರುತ್ತದೆ. ಪತ್ರದಲ್ಲಿ ಪಾಲುಗಳ ಜಾಗದಲ್ಲಿ ನಿಮ್ಮ ಬಾಡಿಗೆಯ ಮೊತ್ತವನ್ನೇ ಹಾಕಿ.

ಪತ್ರದ ಮುಖ್ಯ ಭಾಗ ಹೀಗಿರಬಹುದು:

“ಮಾನ್ಯರೇ, ಮಲಗುವ ಕೋಣೆಯ ಪೂರ್ವದ ಗೋಡೆಯಲ್ಲಿ ನೀರು ಜಿನುಗುತ್ತಿರುವುದನ್ನು ಮಾರ್ಚ್ 3ರಂದು ಫೋನಿನಲ್ಲಿ ಮತ್ತು ಏಪ್ರಿಲ್ 10ರಂದು ಸಂದೇಶದ ಮೂಲಕ ತಮಗೆ ತಿಳಿಸಿದ್ದೆನು. ಈವರೆಗೆ ಪರಿಶೀಲನೆ ನಡೆದಿಲ್ಲ. ದಿನಾಂಕ ಬರೆದ ಆರು ಫೋಟೊಗಳನ್ನು ಲಗತ್ತಿಸಿದ್ದೇನೆ. ಕರಾರಿನ 4ನೇ ಷರತ್ತಿನ ಪ್ರಕಾರ ನನಗೆ ದೊರೆತಿದ್ದ ಪಾರ್ಕಿಂಗ್ ಜಾಗವು ಜೂನ್ 1ರಿಂದ ಬಳಕೆಗೆ ಸಿಗುತ್ತಿಲ್ಲ. ಈ ಪತ್ರ ತಲುಪಿದ 7 ದಿನಗಳೊಳಗೆ ಗೇಟಿನ ಕೀಲಿಕೈ ನೀಡಿ, ಗೋಡೆಯನ್ನು ಪರಿಶೀಲಿಸಿ, 30 ದಿನಗಳೊಳಗೆ ದುರಸ್ತಿ ಮುಗಿಸಬೇಕೆಂದು ಕೋರುತ್ತೇನೆ. ಅದಾಗುವವರೆಗೆ ಸೆಪ್ಟೆಂಬರ್‌ನಿಂದ ಬಾಡಿಗೆಯಲ್ಲಿ ಶೇ 16ರಷ್ಟನ್ನು ಕಡಿಮೆ ಮಾಡಲು ಹಾಗೂ ಹಿಂದಿನ ತಿಂಗಳುಗಳ ಬಾಬ್ತು ಲಗತ್ತಿಸಿದ ಲೆಕ್ಕದಂತೆ ಹೊಂದಾಣಿಕೆ ಮಾಡಲು ಒಪ್ಪಿಗೆ ಕೋರುತ್ತೇನೆ. ಕೆಲಸದವರು ಬರುವ ಹಿಂದಿನ ದಿನ ತಿಳಿಸಿದರೆ ಮನೆ ತೆರೆದಿಡುತ್ತೇನೆ. ತಮ್ಮ ಒಪ್ಪಿಗೆ ಸಿಗುವವರೆಗೆ ಈ ಕೋರಿಕೆಗೆ ಬಾಧಕವಾಗದಂತೆ ಪೂರ್ತಿ ಬಾಡಿಗೆ ಪಾವತಿಸುತ್ತಿದ್ದೇನೆ.”

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಮನೆ ತೆರೆದಿಡುತ್ತೇನೆ ಎಂದು ಬರೆದಿದ್ದರೆ, ‘ಬಾಡಿಗೆದಾರರೇ ಒಳಗೆ ಬಿಡಲಿಲ್ಲ’ ಎಂಬ ಆಕ್ಷೇಪಕ್ಕೆ ಎಡೆಯಿರುವುದಿಲ್ಲ. ಪೂರ್ತಿ ಬಾಡಿಗೆಯ ಮಾತಿಗೆ ಇನ್ನೂ ದೊಡ್ಡ ಕಾರಣವಿದೆ: ಒಪ್ಪಿಗೆಯಾಗಲಿ ಆದೇಶವಾಗಲಿ ಇಲ್ಲದೆ ನೀವೇ ಬಾಡಿಗೆ ಮುರಿದುಕೊಂಡರೆ ಅನೇಕ ಕಡೆ ಅದು ಬಾಕಿ ಎನಿಸಿಕೊಂಡು, ಮನೆ ಖಾಲಿ ಮಾಡಿಸಲು ಮಾಲೀಕರಿಗೆ ನೀವೇ ಕಾರಣ ಕೊಟ್ಟಂತಾಗುತ್ತದೆ. ಹಣ ಮುರಿದುಕೊಳ್ಳಲು ನಿಮ್ಮಲ್ಲಿ ಕಾನೂನಿನ ಅವಕಾಶವಿದೆಯೇ ಎಂಬುದನ್ನು ವಕೀಲರಿಂದ ತಿಳಿಯದೆ ಆ ಹೆಜ್ಜೆ ಇಡಬೇಡಿ.

ಪತ್ರವನ್ನು ತಲುಪಿದ ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳುಹಿಸಿ, ಪ್ರತಿಯನ್ನು ಇಮೇಲ್ ಅಥವಾ ವಾಟ್ಸಾಪ್‌ನಲ್ಲಿಯೂ ಹಾಕಿ. ಏಳು ದಿನಗಳ ಲೆಕ್ಕ ಶುರುವಾಗುವುದು ಸ್ವೀಕೃತಿಯ ದಿನಾಂಕದಿಂದ. ಮಾಲೀಕರು ಫೋನಿನಲ್ಲಿ ಒಪ್ಪಿದರೆ, ಅವರು ಒಪ್ಪಿದ್ದನ್ನು ಅಂದೇ ಸಂದೇಶದಲ್ಲಿ ಬರೆದು ಕಳುಹಿಸಿ ‘ಸರಿ’ ಎಂಬ ಉತ್ತರ ಪಡೆದುಕೊಳ್ಳಿ. ಅವರು ಬಾಡಿಗೆ ಇಳಿಸಲು ಮಾತ್ರ ಒಪ್ಪಿ ಗೋಡೆಯ ಮಾತೆತ್ತದಿದ್ದರೆ, ಈ ಇಳಿಕೆ ದುರಸ್ತಿ ಮುಗಿಯುವ ದಿನದವರೆಗಿನದು, ದುರಸ್ತಿಗೆ ಬದಲಾಗಿ ಅಲ್ಲ ಎಂಬ ಒಂದು ಸಾಲನ್ನು ಅದೇ ಸಂದೇಶದಲ್ಲಿ ಸೇರಿಸಿ.