ಫೋನ್ ಬದಲಾದಾಗ ಷೇರು ಖಾತೆ ಏಕೆ ತೆರೆಯುವುದಿಲ್ಲ?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಹತ್ತಿ ವ್ಯಾಪಾರಿಯೊಬ್ಬರು ಬೆಳಿಗ್ಗೆ ಒಂದು ಕಂಪನಿಯ 200 ಷೇರುಗಳನ್ನು ತಲಾ 500 ರೂಪಾಯಿಗೆ ಇಂಟ್ರಾಡೇ, ಎಂದರೆ ಅದೇ ದಿನ ಮಾರಿ ಮುಗಿಸುವ ಲೆಕ್ಕದಲ್ಲಿ ಕೊಂಡು, ಬೆಲೆ 490ಕ್ಕೆ ಇಳಿದರೆ ತಾನಾಗಿಯೇ ಮಾರಾಟವಾಗುವಂತೆ ಸ್ಟಾಪ್‌ಲಾಸ್ ಹಾಕಿದ್ದಾರೆ ಎಂದುಕೊಳ್ಳೋಣ. ಮಧ್ಯಾಹ್ನ ಹೊಸ ಫೋನಿಗೆ ಸಿಮ್ ಹಾಕಿದ ಮೇಲೆ ಪಾಸ್‌ವರ್ಡ್ ಸರಿಯಿದ್ದರೂ ಖಾತೆ ತೆರೆಯುವುದಿಲ್ಲ. ಅಥೆಂಟಿಕೇಟರ್ ಆ್ಯಪ್‌ನ ಆರಂಕಿಯ ಸಂಖ್ಯೆ ಬೇಕು ಎನ್ನುತ್ತದೆ.

ಆ ಸಂಖ್ಯೆ ಎಲ್ಲಿಂದಲೋ ಫೋನಿಗೆ ಬಂದು ಬೀಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಅದು ಫೋನಿನಲ್ಲಿಯೇ ಹುಟ್ಟುತ್ತದೆ. ಮೊದಲ ಬಾರಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ರಹಸ್ಯ ಕೀಲಿ ಫೋನಿನಲ್ಲಿ ಉಳಿಯುತ್ತದೆ, ಅದರ ಪ್ರತಿ ಬ್ರೋಕರ್‌ನ ಸರ್ವರ್‌ನಲ್ಲಿರುತ್ತದೆ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನು ಆ ಕೀಲಿಯೊಡನೆ ಬೆರೆಸಿ ಎರಡೂ ಕಡೆ ಪ್ರತ್ಯೇಕವಾಗಿ ಲೆಕ್ಕ ಹಾಕಲಾಗುತ್ತದೆ. ಉತ್ತರ ಒಂದೇ ಆದರೆ ಬಾಗಿಲು ತೆರೆಯುತ್ತದೆ. 2011ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಬೇಕಾದುದು ಕೀಲಿ ಮತ್ತು ಸರಿಯಾದ ಗಡಿಯಾರ ಮಾತ್ರ.

ಕೀಲಿ ಇರುವುದು ಸಿಮ್‌ನಲ್ಲಲ್ಲ, ಹಳೆಯ ಫೋನಿನಲ್ಲಿ. ಆದ್ದರಿಂದ ಸಿಮ್ ಇಲ್ಲದ ಆ ಫೋನನ್ನು ಚಾಲೂ ಮಾಡಿ, ಅದರಲ್ಲಿ ಕಾಣುವ ಸಂಖ್ಯೆಯನ್ನು ಹೊಸ ಫೋನಿನಲ್ಲಿ ಹಾಕಿದರೆ ಸಾಕು. ಆ ಸಂಖ್ಯೆಯೂ ತಪ್ಪು ಎಂದರೆ ಗಡಿಯಾರ ಹಿಂದೆ ಮುಂದೆ ಆಗಿರಬಹುದು. ಸಮಯವನ್ನು ಸ್ವಯಂಚಾಲಿತಕ್ಕೆ ಬದಲಿಸಿ ನೋಡಬೇಕು. ಮತ್ತೆ ಮತ್ತೆ ತಪ್ಪು ಸಂಖ್ಯೆ ಹಾಕಿದರೆ ಖಾತೆ ಪೂರ್ತಿ ಲಾಕ್ ಆಗುವ ಸಂಭವವಿದೆ.

ಹಳೆಯ ಫೋನನ್ನು ಆಗಲೇ ರೀಸೆಟ್ ಮಾಡಿದ್ದರೆ ಲಾಗಿನ್ ಚಿಂತೆಯನ್ನು ಬದಿಗಿಟ್ಟು ಮೊದಲು ಪೊಸಿಷನ್, ಎಂದರೆ ಕೊಂಡು ಇನ್ನೂ ಮಾರದಿರುವ ಷೇರುಗಳನ್ನು ನೋಡಿಕೊಳ್ಳಬೇಕು. ಸ್ಟಾಪ್‌ಲಾಸ್ ಆರ್ಡರ್ ಫೋನಿನಲ್ಲಿಲ್ಲ, ಎಕ್ಸ್‌ಚೇಂಜ್‌ನಲ್ಲಿದೆ; ಲಾಗಿನ್ ಇಲ್ಲದಿದ್ದರೂ ಅದು ಜೀವಂತವಾಗಿಯೇ ಇರುತ್ತದೆ. 490ರ ಆಸುಪಾಸು ಮಾರಾಟವಾದರೆ ನಷ್ಟ ಸುಮಾರು 2,000 ರೂಪಾಯಿ, ಬೆಲೆ ಒಮ್ಮೆಲೇ ಜಾರಿದರೆ ಇನ್ನೂ ಹೆಚ್ಚು. ಬ್ರೋಕರ್‌ನ ನಂಬರನ್ನು ಗೂಗಲ್‌ನಲ್ಲಿ ಹುಡುಕಬಾರದು, ಅಲ್ಲಿ ನಕಲಿ ಕಸ್ಟಮರ್ ಕೇರ್‌ಗಳ ಕಾಟವಿದೆ. ವ್ಯವಹಾರದ ವಿವರವಿರುವ, ಬ್ರೋಕರ್ ಕಳಿಸಿದ ಹಳೆಯ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿರುವ ನಂಬರಿಗೇ ಕರೆ ಮಾಡಬೇಕು. ಪಾಸ್‌ವರ್ಡ್ ಕೇಳುವವನಾಗಲಿ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎನ್ನುವವನಾಗಲಿ ಬ್ರೋಕರ್‌ನ ಮನುಷ್ಯನಲ್ಲ.

ಬ್ರೋಕರ್‌ಗೆ ಮಾಡಿದ ಕರೆಯಲ್ಲೇ 200 ಷೇರು ಮಾರಿಸುವುದಾದರೆ, ಮೊದಲಿನ ಸ್ಟಾಪ್‌ಲಾಸ್ ರದ್ದು ಮಾಡಿಸಿ, ರದ್ದಾಯಿತೆಂದು ಅವರ ಬಾಯಿಂದ ಕೇಳಿಸಿಕೊಳ್ಳಬೇಕು. ಇಲ್ಲವಾದರೆ ಬೆಲೆ 490ಕ್ಕೆ ಇಳಿದಾಗ ಕೈಯಲ್ಲಿಲ್ಲದ ಇನ್ನೂ 200 ಷೇರುಗಳು ಮಾರಾಟವಾಗಿ ಹೊಸ ಶಾರ್ಟ್ ಪೊಸಿಷನ್, ಎಂದರೆ ಮರಳಿ ಕೊಂಡು ತೀರಿಸಬೇಕಾದ ಬಾಕಿ ಹುಟ್ಟಿಕೊಳ್ಳುತ್ತದೆ. ಏನೂ ಮಾಡದಿದ್ದರೆ ಮಾರುಕಟ್ಟೆ ಮುಚ್ಚುವ 3:30ಕ್ಕಿಂತ ಸ್ವಲ್ಪ ಮೊದಲು ಬ್ರೋಕರೇ ಇಂಟ್ರಾಡೇ ಪೊಸಿಷನ್ ಮುಗಿಸುವುದು ರೂಢಿ; ಅದಕ್ಕೆ ಹೆಚ್ಚಿನ ಶುಲ್ಕ ಬೀಳುವುದುಂಟು. ಇದೆಲ್ಲ ಮುಗಿದ ಮೇಲೆ ಬ್ರೋಕರ್‌ನ ಸ್ವಂತ ಆ್ಯಪ್‌ನಲ್ಲಿ ನೋಂದಾಯಿತ ಮೊಬೈಲ್, ಇಮೇಲ್‌ಗಳ ಓಟಿಪಿಯಿಂದ ಹೊಸ ಕೀಲಿ ಪಡೆದು ಹಳೆಯದನ್ನು ರದ್ದುಮಾಡಬಹುದು.

ಫೋನ್ ಕಳುವಾಗಿದ್ದರೆ ಮಾತು ಬೇರೆ. ಷೇರುಪೇಟೆಯ ನಿಯಂತ್ರಕ ಸೆಬಿಯ 2024ರ ನಿಯಮದಂತೆ ಖಾತೆಯ ಆನ್‌ಲೈನ್ ಪ್ರವೇಶವನ್ನು ಫ್ರೀಜ್ ಮಾಡುವಂತೆ ಬ್ರೋಕರ್‌ಗೆ ಕೋರಬಹುದು. ಆದರೆ ಫ್ರೀಜ್ ಆದಾಗ ಬಾಕಿ ಆರ್ಡರ್‌ಗಳೆಲ್ಲ ರದ್ದಾಗುತ್ತವೆ, ಸ್ಟಾಪ್‌ಲಾಸ್ ಕೂಡ ಅವುಗಳೊಂದಿಗೇ ಹೋಗುತ್ತದೆ, ಪೊಸಿಷನ್ ಮಾತ್ರ ತೆರೆದೇ ಇರುತ್ತದೆ. ಹಾಗಾಗಿ ಅದೇ ಕರೆಯಲ್ಲಿ ಮೊದಲು ಷೇರು ಮಾರಿಸಿ, ಬಳಿಕ ಫ್ರೀಜ್ ಕೇಳುವುದು ಲೇಸು.